ಸೈಕಲ್ ಪೇಪರ್, ಫ್ಯಾನ್ ಪೇಪರ್

ಸಿರುಗುಪ್ಪ ಬಸ್ ನಿಲ್ದಾಣದ ಹೊರಗೆ ಬೆಳಗಿನ ಆರು ಗಂಟೆಗೆ ಪೇಪರ್ ಏಜೆಂಟರೊಬ್ಬರು ಕಟ್ಟು ಬಿಚ್ಚುತ್ತಿದ್ದರು. ಎಡಕ್ಕೆ ಕನ್ನಡದ ಪತ್ರಿಕೆಗಳು, ಬಲಕ್ಕೆ ತೆಲುಗಿನವು. ತುಂಗಭದ್ರೆ ದಾಟಿದರೆ ರಾಯಚೂರು ಜಿಲ್ಲೆ, ಇತ್ತ ಆದೋನಿ ರಸ್ತೆ ಹಿಡಿದರೆ ಆಂಧ್ರ. ಹಾಗಾಗಿ ಈ ಊರಿನಲ್ಲಿ ಎರಡೂ ಭಾಷೆಯ ಓದುಗರಿದ್ದಾರೆ. ನನ್ನ ಜೊತೆಗಿದ್ದ ಅಕ್ಕನ ಮಗಳು ತೆಲುಗಿನ ಎರಡು ಪತ್ರಿಕೆ ಎತ್ತಿಕೊಂಡು, ಇವೆರಡರಲ್ಲಿ ಏನು ವ್ಯತ್ಯಾಸ ಎಂದು ಕೇಳಿದಳು. ಏಜೆಂಟರು ತಲೆ ಎತ್ತಲಿಲ್ಲ. "ಅದು ಸೈಕಲ್ ಪೇಪರ್ರೀ, ಇದು ಫ್ಯಾನ್ ಪೇಪರ್."

ಒಂದು 'ಈನಾಡು', ಇನ್ನೊಂದು 'ಸಾಕ್ಷಿ'. ಸೈಕಲ್ ತೆಲುಗುದೇಶಂ ಪಕ್ಷದ ಗುರುತು, ಫ್ಯಾನ್ ವೈಎಸ್‌ಆರ್ ಕಾಂಗ್ರೆಸ್ಸಿನದು. ಕನ್ನಡದ ಕಟ್ಟಿನ ಕಡೆ ಕೈ ತೋರಿಸಿ, ಇವಕ್ಕೂ ಗುರುತು ಹೇಳಿ ಎಂದಳು. ಅವರು ಒಂದು ಗಳಿಗೆ ಯೋಚಿಸಿದರು. "ಹಂಗ ಹೇಳಾಕ ಬರಂಗಿಲ್ಲಮ್ಮ. ಆ ಕಡೆ ಈ ಕಡೆ ವಾಲ್ತಾವ, ಆದ್ರ ಗುರ್ತು ಇಲ್ಲ."

ಅವಳು ಬಳ್ಳಾರಿಯಲ್ಲಿ ಪತ್ರಿಕೋದ್ಯಮದ ಎಂ.ಎ. ಓದುತ್ತಿದ್ದಾಳೆ. ಪ್ರಜಾಪ್ರಭುತ್ವ, ಹೈಬ್ರಿಡ್ ಮತ್ತು ಸರ್ವಾಧಿಕಾರದ ದೇಶಗಳ ಮಾಧ್ಯಮ ವ್ಯವಸ್ಥೆಗಳನ್ನು ಹೋಲಿಸಿ ಒಂದು ಪ್ರಬಂಧ ಬರೆಯಬೇಕಿತ್ತು. ಮೂರು ಕಂಬದ ಕೋಷ್ಟಕ ಹಾಕಿಕೊಂಡು ಭಾರತ, ಹಂಗೇರಿ, ಚೀನಾ ಎಂದು ತುಂಬಿದ್ದಳು. ಮುಂದೆ ಹೋಗಲಾಗದೆ ನನ್ನ ಹತ್ತಿರ ಬಂದಿದ್ದಳು. ಆ ಬೆಳಿಗ್ಗೆ ಏಜೆಂಟರು ಹೇಳಿದ ಮಾತಿನಿಂದ ಕೋಷ್ಟಕ ಮುರಿಯಿತು. ನನಗಂತೂ ಇನ್ನೂ ಆ ಖುಷಿ ಇಳಿದಿಲ್ಲ.

ಈ ವಿಷಯ ಓದಿದವರಿಗೆ ಡೇನಿಯಲ್ ಹ್ಯಾಲಿನ್, ಪಾವೊಲೊ ಮಾಂಚಿನಿ ಹೆಸರು ಗೊತ್ತು. 2004ರಲ್ಲಿ ಅವರು ಪಶ್ಚಿಮ ಯುರೋಪ್ ಮತ್ತು ಉತ್ತರ ಅಮೆರಿಕದ 18 ದೇಶಗಳನ್ನು ಹೋಲಿಸಿ ಮೂರು ಮಾದರಿ ಮಾಡಿದರು. ಅವರು ಕೇಳಿದ ಪ್ರಶ್ನೆಗಳು ನಾಲ್ಕೇ. ಪತ್ರಿಕೆಯನ್ನು ಎಷ್ಟು ಜನ ಓದುತ್ತಾರೆ, ಪತ್ರಿಕೆಗೂ ಪಕ್ಷಕ್ಕೂ ಎಷ್ಟು ನಂಟು, ಪತ್ರಕರ್ತರಿಗೆ ತಮ್ಮದೇ ವೃತ್ತಿಧರ್ಮ ಎಷ್ಟು ಗಟ್ಟಿ, ಸರ್ಕಾರದ ಕೈ ಎಷ್ಟು ಒಳಗಿದೆ. ಎರಡನೆಯದನ್ನು ಅವರು ರಾಜಕೀಯ ಸಮಾಂತರತೆ ಎಂದು ಕರೆದರು. ಸಿರುಗುಪ್ಪದಲ್ಲಿ ಅದಕ್ಕೆ ಸೈಕಲ್, ಫ್ಯಾನ್ ಎನ್ನುತ್ತಾರೆ. ಇಟಲಿ, ಸ್ಪೇನ್, ಗ್ರೀಸ್‌ಗಳಲ್ಲಿ ಇದು ಹೆಚ್ಚು ಎಂದು ಆ ಪುಸ್ತಕ ಹೇಳುತ್ತದೆ. ಇಟಲಿಯಲ್ಲಿ ಟಿವಿ ವಾಹಿನಿಗಳ ಒಡೆಯ ಬೆರ್ಲುಸ್ಕೋನಿ 1994ರಲ್ಲಿ ಪ್ರಧಾನಿಯೇ ಆದರು. 'ಸಾಕ್ಷಿ' 2008ರಲ್ಲಿ ಜಗನ್‌ಮೋಹನ ರೆಡ್ಡಿ ಕುಟುಂಬದಿಂದ ಶುರುವಾಯಿತು, 2019ರಲ್ಲಿ ಜಗನ್ ಮುಖ್ಯಮಂತ್ರಿಯಾದರು. ರಾಮೋಜಿರಾಯರ 'ಈನಾಡು' 1974ರಿಂದ ಇದೆ, ಎನ್‌ಟಿಆರ್ ಪಕ್ಷ ಕಟ್ಟಿದಾಗ ಬೆನ್ನಿಗೆ ನಿಂತ ಪತ್ರಿಕೆ ಅದು. ಆಂಧ್ರವನ್ನು ಇಟಲಿಯ ಪಕ್ಕ ಕೂರಿಸಿದರೆ ತಪ್ಪೇನಿಲ್ಲ. ಕರ್ನಾಟಕದ ದಿನಪತ್ರಿಕೆಗಳನ್ನು ಅಲ್ಲಿ ಕೂರಿಸಲಾಗದು. ನಮ್ಮಲ್ಲಿ ಆ ನಂಟು ಎದ್ದು ಕಂಡಿದ್ದು ಟಿವಿಯಲ್ಲಿ. ಕುಮಾರಸ್ವಾಮಿ ಕುಟುಂಬದ 'ಕಸ್ತೂರಿ' ಬಂತು, ಬಳ್ಳಾರಿಯ ಜನಾರ್ದನ ರೆಡ್ಡಿ ಬಳಗದ್ದೆಂದೇ ಹೆಸರಾದ 'ಜನಶ್ರೀ' ಬಂತು. ಒಂದೇ ಸಂವಿಧಾನದ ಕೆಳಗೆ, ಒಂದೇ ಬಸ್ ನಿಲ್ದಾಣದಲ್ಲಿ, ಎರಡು ಮಾಧ್ಯಮ ವ್ಯವಸ್ಥೆ ಅಕ್ಕಪಕ್ಕ ಮಾರಾಟವಾಗುತ್ತಿವೆ. 'ಭಾರತ' ಎಂದು ಒಂದೇ ಕಂಬ ಹಾಕಿದರೆ ಇದು ಕಾಣುವುದಿಲ್ಲ.

ಆ ಬೆಳಿಗ್ಗೆಯಿಂದ ನನ್ನನ್ನು ಹಿಡಿದ ಪ್ರಕರಣವೊಂದಿದೆ. 2022ರ ಜೂನ್ ಕೊನೆಯಲ್ಲಿ ಆಂಧ್ರ ಸರ್ಕಾರ ಒಂದು ಆದೇಶ ಹೊರಡಿಸಿತು. ಗ್ರಾಮ ಮತ್ತು ವಾರ್ಡ್ ಸ್ವಯಂಸೇವಕರು ಹೆಚ್ಚು ಪ್ರಸಾರವಿರುವ ಒಂದು ದಿನಪತ್ರಿಕೆ ಕೊಳ್ಳಲಿ ಎಂದು ತಲಾ ತಿಂಗಳಿಗೆ 200 ರೂಪಾಯಿ. ಇಂಥದ್ದೇ ಪತ್ರಿಕೆ ಕೊಳ್ಳಿ ಎಂದು ಆದೇಶದಲ್ಲಿ ಇರಲಿಲ್ಲ. ಆದರೆ 'ಈನಾಡು' ಪ್ರಕಾಶಕರು ಕೋರ್ಟಿಗೆ ಹೋಗಿ ಹೇಳಿದ್ದು ಹೀಗೆ: ನಮ್ಮ ಪತ್ರಿಕೆಯ ತಿಂಗಳ ಬಿಲ್ಲು 200ನ್ನು ಸ್ವಲ್ಪ ದಾಟುತ್ತದೆ, 'ಸಾಕ್ಷಿ'ಯದು ಅದರೊಳಗೆ ಬರುತ್ತದೆ, ಆದ್ದರಿಂದ ಈ 200 ಎಂಬ ಅಂಕಿಯೇ ಆಯ್ಕೆ ಮಾಡಿಬಿಟ್ಟಿದೆ. ಆಗ ಸ್ವಯಂಸೇವಕರು ಎರಡೂವರೆ ಲಕ್ಷಕ್ಕಿಂತ ಹೆಚ್ಚು ಇದ್ದರು. 200ರಿಂದ ಗುಣಿಸಿದರೆ ತಿಂಗಳಿಗೆ ಐದು ಕೋಟಿ ರೂಪಾಯಿ ದಾಟುತ್ತದೆ. ಅಷ್ಟು ಪ್ರತಿಗಳು ಒಂದೇ ಪತ್ರಿಕೆಯ ಲೆಕ್ಕಕ್ಕೆ ಸೇರಿದರೆ ಅದರ ಪ್ರಸಾರ ಸಂಖ್ಯೆ ಏರುತ್ತದೆ. ಪ್ರಸಾರ ಏರಿದರೆ ಜಾಹೀರಾತಿನ ದರ ಏರುತ್ತದೆ. ದರ ಏರಿದ ಮೇಲೆ ಸರ್ಕಾರವೂ ಖಾಸಗಿಯವರೂ ಅದಕ್ಕೇ ಹೆಚ್ಚು ಕೊಡಬೇಕಾಗುತ್ತದೆ. ಇಷ್ಟೂ ನಡೆಯಲು ಯಾವ ಸುದ್ದಿಯನ್ನೂ ತಡೆಯಬೇಕಿಲ್ಲ, ಯಾರನ್ನೂ ಜೈಲಿಗೆ ಹಾಕಬೇಕಿಲ್ಲ.

ಈ ಮೊಕದ್ದಮೆಯನ್ನು 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ದೆಹಲಿ ಹೈಕೋರ್ಟಿಗೆ ವರ್ಗಾಯಿಸಿತು. 2024ರಲ್ಲಿ ಆಂಧ್ರದಲ್ಲಿ ಸರ್ಕಾರವೇ ಬದಲಾಯಿತು. ನಾನು ಅವಳಿಗೆ ಬರೆದುಕೋ ಎಂದದ್ದು ಇದನ್ನೇ. ಆಡಳಿತ ಪಕ್ಷ ತನ್ನ ಪತ್ರಿಕೆಗೆ ಹಣ ಹರಿಸಿತೆಂಬ ಆರೋಪದ ನಡುವೆಯೂ ಎದುರಿನ ಪತ್ರಿಕೆ ದಿನವೂ ಅಚ್ಚಾಗುತ್ತಿತ್ತು, ಕೋರ್ಟಿಗೆ ಹೋಯಿತು, ಚುನಾವಣೆಯವರೆಗೆ ಬದುಕಿತ್ತು.

ಹಂಗೇರಿಯಲ್ಲಿ ಹಾಗಾಗಲಿಲ್ಲ. 2010ರಲ್ಲಿ ವಿಕ್ಟರ್ ಓರ್ಬಾನ್ ಗೆದ್ದ ಮೇಲೆ ಮಾಧ್ಯಮ ಮಂಡಳಿಗೆ ಒಂಬತ್ತು ವರ್ಷದ ಅವಧಿಗೆ ಆಡಳಿತ ಪಕ್ಷ ಒಪ್ಪಿದವರೇ ನೇಮಕವಾದರು. ಸರ್ಕಾರಿ ಜಾಹೀರಾತು ಒಪ್ಪಿಗೆಯಾದ ಪತ್ರಿಕೆಗಳತ್ತ ಹರಿಯಿತು. ದೇಶದ ಮುಖ್ಯ ವಿರೋಧಿ ದಿನಪತ್ರಿಕೆ 'ನೇಪ್‌ಸಬದ್‌ಶಾಗ್' 2016ರ ಅಕ್ಟೋಬರ್ 8ರಂದು ನಿಂತುಹೋಯಿತು. ಮಾಲೀಕರು ಕೊಟ್ಟ ಕಾರಣ ನಷ್ಟ. ಕೆಲವೇ ವಾರಗಳಲ್ಲಿ ಆ ಪ್ರಕಾಶನ ಕಂಪನಿ ಪ್ರಧಾನಿ ಬೆಳೆದ ಊರಿನ ಗೆಳೆಯನ ಬಳಗಕ್ಕೆ ಮಾರಾಟವಾಯಿತು. 2018ರ ನವೆಂಬರ್‌ನಲ್ಲಿ ಸರ್ಕಾರದ ಪರವಿದ್ದ ಮಾಲೀಕರು ನಾನೂರಕ್ಕೂ ಹೆಚ್ಚು ಪತ್ರಿಕೆ, ರೇಡಿಯೊ, ಜಾಲತಾಣಗಳನ್ನು ಒಂದೇ ಪ್ರತಿಷ್ಠಾನಕ್ಕೆ ದಾನ ಕೊಟ್ಟರು. ಇದು ರಾಷ್ಟ್ರೀಯ ಮಹತ್ವದ ವಿಷಯ ಎಂದು ಸರ್ಕಾರ ಘೋಷಿಸಿದ್ದರಿಂದ ಪೈಪೋಟಿ ಪ್ರಾಧಿಕಾರ ತನಿಖೆ ಮಾಡುವಂತಿರಲಿಲ್ಲ.

ನಮ್ಮ ಕಡೆಯ ರೈತರಿಗೆ ಹೈಬ್ರಿಡ್ ಎಂದರೆ ಎರಡು ತಳಿ ಕೂಡಿಸಿದ ಬೀಜ. ಅಕ್ಕನ ಮಗಳೂ ಹಾಗೇ ತಿಳಿದಿದ್ದಳು, ಅರ್ಧ ಪ್ರಜಾಪ್ರಭುತ್ವ, ಅರ್ಧ ಸರ್ವಾಧಿಕಾರ ಎಂದು. ಹಾಗಲ್ಲ. ಹೈಬ್ರಿಡ್ ಆಡಳಿತದಲ್ಲಿ ಚುನಾವಣೆ, ಕೋರ್ಟು, ಖಾಸಗಿ ಪತ್ರಿಕೆ ಎಲ್ಲವೂ ಹೆಸರಿಗೆ ಇರುತ್ತವೆ. ಎದುರಾಳಿಯ ಪತ್ರಿಕೆ ಮಾತ್ರ ಚುನಾವಣೆಗೆ ಮೊದಲೇ ಬಡವಾಗಿರುತ್ತದೆ. ಇದನ್ನು ಗುರುತಿಸುವ ದಾರಿ ಜಾಹೀರಾತಿನ ಲೆಕ್ಕ. ಸರ್ಕಾರ ಬದಲಾದಾಗ ಹಣ ಆ ಕಡೆಯಿಂದ ಈ ಕಡೆಗೆ ಹೊರಳಿದರೆ ಅದು ಪಕ್ಷಪಾತದ ಪ್ರಜಾಪ್ರಭುತ್ವ. ಹೊರಳಲು ಆ ಕಡೆ ಯಾರೂ ಉಳಿದಿಲ್ಲವಾದರೆ ಅದು ಹೈಬ್ರಿಡ್.

ಚೀನಾ ಇದಕ್ಕೆ ತಿರುವುಮುರುವು. ಅಲ್ಲಿನ ಪತ್ರಿಕೆಗಳು ಎಪ್ಪತ್ತರ ದಶಕದ ಕೊನೆಯಿಂದ ಮಾರುಕಟ್ಟೆಯ ಜಾಹೀರಾತಿಗೆ ತೆರೆದುಕೊಂಡವು. ಆದರೆ ಖಾಸಗಿ ವ್ಯಕ್ತಿ ಪತ್ರಿಕೆ ತೆಗೆಯುವಂತಿಲ್ಲ. ಸರ್ಕಾರ ಒಪ್ಪಿದ ಸಂಸ್ಥೆಯೊಂದು ಮೇಲೆ ನಿಂತಿರಬೇಕು, ಪ್ರಕಟಣಾ ಸಂಖ್ಯೆ ಸಿಕ್ಕಿರಬೇಕು. 2013ರ ಜನವರಿಯಲ್ಲಿ ಗುವಾಂಗ್‌ಝೌನ 'ಸದರ್ನ್ ವೀಕ್ಲಿ'ಯ ಹೊಸವರ್ಷದ ಸಂಪಾದಕೀಯವನ್ನು ಪ್ರಚಾರ ಅಧಿಕಾರಿಗಳು ತಿದ್ದಿದಾಗ ಪತ್ರಕರ್ತರು ಪ್ರತಿಭಟಿಸಿದರು. ಜಾಹೀರಾತಿನ ಹಣ ಆ ಪತ್ರಿಕೆಯನ್ನು ಕಾಪಾಡಲಿಲ್ಲ. ಓರ್ಬಾನ್ ಕಾಲದ ಹಂಗೇರಿಯಲ್ಲಿ ಮಾಲೀಕ ಖಾಸಗಿ, ಹಣ ಸರ್ಕಾರದ್ದು. ಚೀನಾದಲ್ಲಿ ಹಣ ಮಾರುಕಟ್ಟೆಯದು, ಮಾಲೀಕ ಪಕ್ಷ.

ಸಿರುಗುಪ್ಪದಿಂದ ಹಿಂದಿರುಗುವಾಗ ಕುರುಗೋಡಿನಲ್ಲಿ ಇಳಿದೆವು. ಅಲ್ಲಿ ನನಗೆ ಹಳೆಯ ಪರಿಚಯದವರೊಬ್ಬರು ನಾಲ್ಕು ಪುಟದ ಜಿಲ್ಲಾ ಪತ್ರಿಕೆ ತರುತ್ತಾರೆ. ವರದಿ, ಪುಟ ಕಟ್ಟುವುದು, ಹಂಚುವುದು ಎಲ್ಲ ಅವರೇ. ಅಕ್ಕನ ಮಗಳು ನೇರವಾಗಿ ಕೇಳಿದಳು: "ಅಂಕಲ್, ನಿಮಗ ಯಾರರ ಬರೀಬ್ಯಾಡ ಅಂತಾರೇನು?"

"ಯಾರೂ ಅನ್ನಲ್ಲಮ್ಮ. ನಾನೇ ಒಂದೊಂದು ಸಲ ಬರಿಯಲ್ಲ," ಎಂದು ಅವರು ಜಾಹೀರಾತಿನ ಬಿಲ್ಲುಗಳ ಕಡತ ತೆರೆದರು. ವಾರ್ತಾ ಇಲಾಖೆಯ ಮಾಧ್ಯಮ ಪಟ್ಟಿಯಲ್ಲಿ ಹೆಸರಿದ್ದರೆ ಟೆಂಡರ್ ಪ್ರಕಟಣೆ, ದಿನಾಚರಣೆಯ ಜಾಹೀರಾತು ಬರುತ್ತವೆ. ಅಂಗಡಿಗಳ ಜಾಹೀರಾತು ಯುಗಾದಿ, ದೀಪಾವಳಿಗೆ ಮಾತ್ರ. ಬಿಲ್ಲು ಮೂರು ತಿಂಗಳು ತಡವಾದರೆ ಅಚ್ಚಿನ ಮನೆಯ ಸಾಲ ತೀರಿಸಲು ಬೇರೆ ಕೈಸಾಲ. ಅವರನ್ನು ಯಾರೂ ಬೆದರಿಸಿಲ್ಲ. ಆದರೂ ಬರೆಯದೆ ಬಿಟ್ಟ ಸುದ್ದಿಗಳು ಅವರಿಗೆ ನೆನಪಿವೆ. ಅವರ ಬಗ್ಗೆ ನನಗೆ ಗೌರವವಿದೆ. ಅಷ್ಟು ಸಾಲದಲ್ಲೂ ಪತ್ರಿಕೆ ನಿಲ್ಲಿಸದ ಮನುಷ್ಯ.

ದಾರಿಯಲ್ಲಿ ಅವಳು ಒಂದು ಸರಿಯಾದ ಆಕ್ಷೇಪ ಎತ್ತಿದಳು. "ಮಾಮಾ, 2025ರ ಪತ್ರಿಕಾ ಸ್ವಾತಂತ್ರ್ಯ ಸೂಚ್ಯಂಕದಾಗ ಹಂಗೇರಿ 68, ನಾವು 151. ನೀನು ಹಂಗೇರಿನ ನಮಗಿಂತ ಕೆಳಗ ಹಾಕ್ತಿಯಲ್ಲ?" 'ರಿಪೋರ್ಟರ್ಸ್ ವಿದೌಟ್ ಬಾರ್ಡರ್ಸ್' 180 ದೇಶಗಳಿಗೆ ಕೊಡುವ ಆ ಸ್ಥಾನದಲ್ಲಿ ಚೀನಾ 178. ಅಂಕ ಕೊಡುವಾಗ ರಾಜಕೀಯ, ಹಣಕಾಸು, ಕಾನೂನು, ಸಮಾಜ, ಪತ್ರಕರ್ತರ ಸುರಕ್ಷತೆ ಐದನ್ನೂ ಕೂಡಿಸುತ್ತಾರೆ. ವರದಿಗಾರನ ಕೊಲೆಯಾಗುವ ದೇಶ ಸುರಕ್ಷತೆಯಲ್ಲಿ ಕುಸಿಯುತ್ತದೆ, ಪತ್ರಿಕೆಗಳನ್ನೇ ಸದ್ದಿಲ್ಲದೆ ಕೊಂಡುಕೊಳ್ಳುವ ದೇಶ ಅಲ್ಲಿ ಅಂಕ ಉಳಿಸಿಕೊಳ್ಳುತ್ತದೆ. ನಮ್ಮ 151 ಸುಳ್ಳಲ್ಲ, ನಾಚಿಕೆಯ ಸಂಗತಿಯೇ. ಆದರೆ ಅದು ಸ್ಥಾನ ಹೇಳುತ್ತದೆ, ಮಾದರಿ ಹೇಳುವುದಿಲ್ಲ. ಪರೀಕ್ಷೆಯ ಪ್ರಬಂಧಗಳಲ್ಲಿ ಹೆಚ್ಚಿನವರು ಎಡವುವುದು ಇಲ್ಲೇ.

ಮನೆಗೆ ಬಂದ ಮೇಲೆ, ಭಾರತದ ಕಂಬಕ್ಕೆ ಕಾನೂನಿನ ಕಡೆಯದನ್ನೂ ಬರೆಯಲೆಂದು ಹಳೆಯ ತೀರ್ಪೊಂದನ್ನು ತೆಗೆದೆವು. ರೊಮೇಶ್ ಥಾಪರ್ ಮೊಕದ್ದಮೆಯನ್ನು ಪತ್ರಿಕೋದ್ಯಮದ ವಿದ್ಯಾರ್ಥಿಗಳೆಲ್ಲ ಓದಿರುತ್ತಾರೆ. ಮುಂಬೈಯಿಂದ ಬರುತ್ತಿದ್ದ 'ಕ್ರಾಸ್ ರೋಡ್ಸ್' ವಾರಪತ್ರಿಕೆ ತನ್ನ ಗಡಿಯೊಳಗೆ ಬರಕೂಡದೆಂದು 1950ರ ಮಾರ್ಚ್ 1ರಂದು ಮದ್ರಾಸ್ ಸರ್ಕಾರ ನಿಷೇಧಿಸಿತು. ಹಂಚಿಕೆಯ ಸ್ವಾತಂತ್ರ್ಯವಿಲ್ಲದೆ ಅಚ್ಚು ಹಾಕುವ ಸ್ವಾತಂತ್ರ್ಯಕ್ಕೆ ಬೆಲೆಯಿಲ್ಲ ಎಂದು ಸುಪ್ರೀಂ ಕೋರ್ಟ್ ಮೇ 26ರಂದು ಆ ಆದೇಶ ರದ್ದು ಮಾಡಿತು. ಮರುವರ್ಷವೇ ಸಂವಿಧಾನದ ಮೊದಲ ತಿದ್ದುಪಡಿ ಬಂದು, ಸಾರ್ವಜನಿಕ ಸುವ್ಯವಸ್ಥೆಯ ಹೆಸರಿನಲ್ಲಿ ಸರ್ಕಾರಕ್ಕೆ ಹೊಸ ಹಿಡಿತ ಸಿಕ್ಕಿತು.

ತೀರ್ಪು ಓದುತ್ತಿದ್ದವಳು ತಟಕ್ಕನೆ ನಿಲ್ಲಿಸಿದಳು. "ಮಾಮಾ, ಆಗ ನಾವೂ ಮದ್ರಾಸಿನಾಗ ಇದ್ವಿ!" ಹೌದು. ಬಳ್ಳಾರಿ, ಸಿರುಗುಪ್ಪ ಮೈಸೂರಿಗೆ ಸೇರಿದ್ದು 1953ರ ಅಕ್ಟೋಬರ್ 1ರಂದು. ಎಷ್ಟೋ ಸಲ ಓದಿದ ತೀರ್ಪು ಇದು, ನನಗೆ ಒಮ್ಮೆಯೂ ಹೊಳೆದಿರಲಿಲ್ಲ. 1950ರ ಆ ಮೂರು ತಿಂಗಳು 'ಕ್ರಾಸ್ ರೋಡ್ಸ್' ಕಟ್ಟು ಬಾರದಂತೆ ತಡೆದ ಗಡಿ, ನಾವು ಬೆಳಿಗ್ಗೆ ನಿಂತು ಪೇಪರ್ ಕೊಂಡ ಊರನ್ನೂ ಒಳಗೊಂಡಿತ್ತು.

ಬಳ್ಳಾರಿ ಸೀಮೆಯಲ್ಲಿ ಮದ್ರಾಸಿನ ಕಾಲದ ಕನ್ನಡ, ತೆಲುಗು ಪತ್ರಿಕೆಗಳ ಕಟ್ಟು, ನಿಂತುಹೋದ ಜಿಲ್ಲಾ ಪತ್ರಿಕೆಗಳ ಜಾಹೀರಾತು ಬಿಲ್ಲಿನ ಕಡತ ಯಾರ ಮನೆಯ ಅಟ್ಟದಲ್ಲಾದರೂ ಇದ್ದರೆ ದಯವಿಟ್ಟು ರದ್ದಿಗೆ ಹಾಕಬೇಡಿ. ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಒಂದು ಮಾತು ತಿಳಿಸಿ.