ಮುಚ್ಚಿಟ್ಟ ಬಲಗಡೆ

2020ರ ಮಾರ್ಚ್‌ನ ನಿಫ್ಟಿ ಚಾರ್ಟಿನಲ್ಲಿ ತಳ ಎಲ್ಲಿತ್ತೆಂದು ಈಗ ಯಾರೂ ತೋರಿಸಬಲ್ಲರು. ಬಲಗಡೆಯ ಏರಿಕೆ ಆಗಲೇ ಕಣ್ಣಿಗೆ ಬಿದ್ದಿದೆಯಲ್ಲ! ಅದನ್ನು ಕಾಗದದಿಂದ ಮುಚ್ಚಿ, ಮಾರ್ಚ್ 13ಕ್ಕೆ ನಿಲ್ಲಿ. ಅಂದು ಬೆಳಿಗ್ಗೆ ವಹಿವಾಟು ಕೆಲಹೊತ್ತು ಸ್ಥಗಿತಗೊಂಡು, ಸೂಚ್ಯಂಕ 8,555ಕ್ಕೆ ಕುಸಿದು, ಕೊನೆಗೆ 9,955ರಲ್ಲಿ ಮುಗಿಯಿತು. ಉದ್ದ ಬಾಲದ ಕ್ಯಾಂಡಲ್. ತಳ ಸಿಕ್ಕಿತೆನ್ನುವ ಗುರುತು. ನಾನಾದರೂ ಕೊಳ್ಳುತ್ತಿದ್ದೆ.

ಕೊಳ್ಳುವುದೋ ಕಾಯುವುದೋ, ಯಾವ ಬೆಲೆಗೆ ಸೋಲೊಪ್ಪುವುದೋ, ಈಗಲೇ ಬರೆದಿಡಿ. ಆಮೇಲೆ ಕಾಗದವನ್ನು ಒಂದೇ ಕ್ಯಾಂಡಲ್‌ನಷ್ಟು ಸರಿಸಿ, ಮತ್ತೆ ಬರೆಯಿರಿ. ಹೀಗೆ ಸಾಗಿದರೆ ಮಾರ್ಚ್ 23ಕ್ಕೆ ನಿಫ್ಟಿ 7,610ರಲ್ಲಿರುತ್ತದೆ. ಹಳೆಯ ಚಾರ್ಟನ್ನು ಇಡಿಯಾಗಿ ನೋಡುವಾಗ ಕಣ್ಣು ಹಾರಿಸಿಬಿಡುವುದು ಇಂಥ ಹುಸಿ ತಳಗಳನ್ನೇ.

ಈ ಕಥೆ ನಿಮಗೀಗ ಗೊತ್ತಾಯಿತು. ಮುಂದಿನ ಅಭ್ಯಾಸಕ್ಕೆ ಕಂಪನಿಯ ಹೆಸರು, ತಾರೀಖು ಎರಡನ್ನೂ ಮರೆಮಾಡಿದ ಚಾರ್ಟನ್ನು ಗೆಳೆಯರಿಂದ ಆರಿಸಿಕೊಳ್ಳಿ.