ನೆತ್ತಿ ತಟ್ಟುವ ಮೊದಲು

ಹತ್ತು ತಿಂಗಳ ಮಗು, ಜೊತೆಗೆ ಅಜ್ಜಿ; ಮನೆಯಲ್ಲಿ ಇನ್ನಾರೂ ಇಲ್ಲ. ನೆಲಕ್ಕೆ ಬಿದ್ದಿದ್ದ ಕಡಲೆಕಾಯಿ ಬೀಜ ಮಗುವಿನ ಬಾಯಿ ಸೇರಿದೆ. ಅದು ಜೋರಾಗಿ ಕೆಮ್ಮುತ್ತಿದ್ದರೆ, ಅಳುತ್ತಿದ್ದರೆ ಗಾಳಿ ಆಡುತ್ತಿದೆ, ಕೆಮ್ಮಲು ಬಿಡಬೇಕು. ಸದ್ದೇ ನಿಂತು ತುಟಿ ನೀಲಿಗಟ್ಟಿದರೆ ಉಸಿರಿನ ದಾರಿ ಮುಚ್ಚಿದೆ. ಆಗ ನಮ್ಮಲ್ಲಿ ನೆತ್ತಿ ತಟ್ಟುತ್ತಾರೆ, ನೀರು ಕುಡಿಸುತ್ತಾರೆ, ಗಂಟಲಿಗೆ ಬೆರಳು ಹಾಕುತ್ತಾರೆ. ನೆತ್ತಿ ತಟ್ಟಿ ಪ್ರಯೋಜನವಿಲ್ಲ. ಕಣ್ಣಿಗೆ ಕಾಣದ್ದನ್ನು ಬೆರಳಿನಿಂದ ತಡಕಿದರೆ ಬೀಜ ಇನ್ನೂ ಒಳಕ್ಕೆ ಹೋಗಬಹುದು.

ಮಾಡಬೇಕಾದದ್ದು ಇಷ್ಟು: ಮಗುವನ್ನು ಮುಂದೋಳಿನ ಮೇಲೆ ಬೋರಲು ಮಲಗಿಸಿ, ತಲೆ ಎದೆಗಿಂತ ಕೆಳಗಿರುವಂತೆ ಹಿಡಿದು, ಎರಡು ಹೆಗಲುಗಳ ನಡುವೆ ಅಂಗೈ ಬುಡದಿಂದ ಐದು ಪೆಟ್ಟು. ಹೊರಬರದಿದ್ದರೆ ಅಂಗಾತ ತಿರುಗಿಸಿ ಎದೆಯ ನಡುವೆ ಐದು ಒತ್ತು. ಬೀಜ ಹೊರಬೀಳುವವರೆಗೆ ಇದೇ ಸರದಿ. ಪ್ರಜ್ಞೆ ತಪ್ಪಿದರೆ ಕೂಡಲೇ ಸಿಪಿಆರ್. ವರ್ಷ ದಾಟದ ಮಗುವಿನ ಹೊಟ್ಟೆ ಒತ್ತಬಾರದು.

ಇದನ್ನೆಲ್ಲ ಆ ಹೊತ್ತಿನಲ್ಲಿ ಆ್ಯಪ್ ತೆರೆದು ಓದಲು ಯಾರಿಂದಲೂ ಆಗದು. ಪ್ರಥಮ ಚಿಕಿತ್ಸೆಯ ಆ್ಯಪ್ ಸಂಜೆ ಬಿಡುವಿನಲ್ಲಿ ಅಜ್ಜಿಯ ಕೈಗೆ ಬೊಂಬೆ ಕೊಟ್ಟು ಅಭ್ಯಾಸ ಮಾಡಿಸಲಿಕ್ಕೆ. ಇಂಟರ್ನೆಟ್ ಇಲ್ಲದೆಯೂ ತೆರೆಯುತ್ತದೆಯೇ, ಕೊನೆಯದಾಗಿ ಯಾವಾಗ ಪರಿಷ್ಕರಿಸಿದ್ದಾರೆ ಎಂದು ನೋಡಿ. ಮಗುವಿನ ಎದೆಯನ್ನು ಎರಡು ಬೆರಳಲ್ಲಿ ಒತ್ತಿ ಎನ್ನುವುದು ಹಳೆಯ ಪಾಠ. ಅಮೆರಿಕನ್ ಹಾರ್ಟ್ ಅಸೋಸಿಯೇಷನ್ನಿನ 2025ರ ಮಾರ್ಗಸೂಚಿ ಅಂಗೈ ಬುಡವನ್ನೇ ಬಳಸಲು ಹೇಳುತ್ತದೆ.

ಇನ್ನು ಕರೆ. ಅಜ್ಜಿ ಒಬ್ಬರೇ ಇದ್ದರೆ ಫೋನ್ ಸ್ಪೀಕರಿಗೆ ಹಾಕಿ ನೆಲದ ಮೇಲಿಟ್ಟು ಕೈ ಮಗುವಿನ ಮೇಲೇ ಇರಬೇಕು. ಆಂಬುಲೆನ್ಸಿಗೆ 108, ಪೊಲೀಸ್, ಅಗ್ನಿಶಾಮಕ, ವೈದ್ಯಕೀಯ ಎಲ್ಲಕ್ಕೂ ಒಂದೇ ಸಂಖ್ಯೆ 112. '112 India' ಆ್ಯಪಿನಲ್ಲಿ ಮೊದಲೇ ನೋಂದಾಯಿಸಿ, ಮನೆಯವರ ಸಂಖ್ಯೆ ಸೇರಿಸಿಡಬೇಕು. ಪವರ್ ಬಟನ್ ಬೇಗ ಬೇಗ ಒತ್ತಿದರೂ ತುರ್ತು ಕರೆ ಹೋಗುತ್ತದೆ. ಕೆಲವು ಫೋನುಗಳಲ್ಲಿ ಮೂರು ಸಲ, ಕೆಲವುಗಳಲ್ಲಿ ಐದು ಸಲ. ನಿಮ್ಮದರಲ್ಲಿ ಎಷ್ಟೆಂದು ಸೆಟ್ಟಿಂಗ್ಸಿನಲ್ಲಿ ನೋಡಿಕೊಳ್ಳಿ, ಒತ್ತಿ ಪರೀಕ್ಷಿಸಬೇಡಿ. ಜಿಪಿಎಸ್ ಕಟ್ಟಡದವರೆಗೆ ದಾರಿ ತೋರಿಸೀತು, ಎಷ್ಟನೇ ಮಹಡಿ ಎಂದು ಹೇಳಲಾರದು. ಮಹಡಿ, ಹತ್ತಿರದ ಗುಡಿ ಅಥವಾ ಅಂಗಡಿ, ಇವನ್ನು ಬಾಯಲ್ಲೇ ಹೇಳಬೇಕು. ಫ್ರಿಜ್ಜಿನ ಮೇಲೆ ದೊಡ್ಡ ಅಕ್ಷರದಲ್ಲಿ ವಿಳಾಸ ಬರೆದು ಅಂಟಿಸಿದವರನ್ನು ನೋಡಿ ನಗುವವರಿದ್ದಾರೆ. ಗಾಬರಿಯಲ್ಲಿ ಸ್ವಂತ ಮನೆ ನಂಬರೂ ಮರೆಯುತ್ತದೆ.

ಹಿರಿಯರ ವಿಷಯದಲ್ಲಿ ಹೆಚ್ಚು ಕೆಲಸಕ್ಕೆ ಬರುವುದು ಯಾವ ಆ್ಯಪೂ ಅಲ್ಲ, ಲಾಕ್ ಸ್ಕ್ರೀನಿನ ತುರ್ತು ಮಾಹಿತಿ. ತಾತ ಬಚ್ಚಲಲ್ಲಿ ಜಾರಿ ತಲೆಗೆ ಪೆಟ್ಟು ಮಾಡಿಕೊಂಡರು, 'ಏನೂ ಆಗಿಲ್ಲ ಬಿಡಪ್ಪ' ಎಂದು ಎದ್ದು ಕೂತರು ಎನ್ನಿ. ಅವರು ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರಾದರೆ ತಲೆಯೊಳಗೆ ನಿಧಾನಕ್ಕೆ ರಕ್ತ ಸೋರುತ್ತಿರಬಹುದು, ಗಂಟೆಗಳ ಬಳಿಕ ಮಂಪರು ಹತ್ತಬಹುದು. ಚೆನ್ನಾಗಿದ್ದಾರೆಂದು ಕಂಡರೂ ಆಸ್ಪತ್ರೆಗೆ ಕರೆದೊಯ್ಯಲೇಬೇಕು. ಆ ಮಾತ್ರೆಯ ಹೆಸರು ಲಾಕ್ ಸ್ಕ್ರೀನಿನಲ್ಲಿದ್ದರೆ ಪಾಸ್‌ವರ್ಡ್ ಗೊತ್ತಿಲ್ಲದ ಆಂಬುಲೆನ್ಸ್ ಸಿಬ್ಬಂದಿಯೂ ಓದಬಲ್ಲರು. ಡಾಕ್ಟರು ಮಾತ್ರೆ ಬದಲಿಸಿದರೂ ಫೋನಿನಲ್ಲಿ ಹಳೆಯ ಹೆಸರೇ ಉಳಿದಿರುತ್ತದೆ. ಎಡವಟ್ಟಾಗುವುದು ಇಲ್ಲೇ, ಔಷಧದಂಗಡಿಯಿಂದ ಬಂದ ಸಂಜೆಯೇ ಮೊಮ್ಮಗ ಅದನ್ನು ತಿದ್ದಿಡಲಿ.