ಬ, ಮ ಎರಡೇ ಅಕ್ಷರ ಸಾಕು, ಮೇಷ್ಟ್ರನ್ನು ಬೀಳ್ಕೊಡೋಕೆ

ನಮ್ಮ ಹೈಸ್ಕೂಲ್ ವಾಟ್ಸಾಪ್ ಗ್ರೂಪಿನಲ್ಲಿ ಸುದ್ದಿ ಬಂತು: ಕನ್ನಡ ಮೇಷ್ಟ್ರಿಗೆ 60 ತುಂಬುತ್ತಿದೆ, ತಿಂಗಳ ಕೊನೆಗೆ ನಿವೃತ್ತಿ. ಹಳೇ ವಿದ್ಯಾರ್ಥಿಗಳ ಪರವಾಗಿ ಮಾತಾಡೋ ಕೆಲಸ ನನ್ನ ಪಾಲಿಗೆ ಬಿತ್ತು. ಅನುಪ್ರಾಸ ಪಾಠದ ದಿನ ಒಂದಕ್ಷರ ಕೊಟ್ಟು, ಅದರಿಂದಲೇ ಶುರುವಾಗೋ ಪದಗಳಲ್ಲಿ ವಾಕ್ಯ ಕಟ್ಟಿಸುತ್ತಿದ್ದವರು ಅವರು. ಅವರಿಗೆ ಅದೇ ಆಟದಲ್ಲಿ ವಿದಾಯ ಹೇಳೋಣ ಅನ್ನಿಸಿತು.

ಮೊದಲ ಪ್ರಶ್ನೆ, ಯಾವ ಅಕ್ಷರ? ಎಲ್ಲ ಅಕ್ಷರಕ್ಕೂ ಕನ್ನಡ ಒಂದೇ ಥರ ಕೈ ಬಿಚ್ಚೋದಿಲ್ಲ. ಣ, ಳ ಇಂದ ನಮ್ಮ ಪದಗಳು ಶುರುವಾಗೋದೇ ಇಲ್ಲ. 'ಪ' ತಗೊಂಡರೆ ಭಾಷಣ ತಾನಾಗೇ ಸಂಸ್ಕೃತದ ಕಡೆ ವಾಲುತ್ತೆ: ಪರಮ ಪೂಜ್ಯ, ಪ್ರತಿಭೆ, ಪ್ರೇರಣೆ. ಯಾಕೆಂದರೆ ಹಳಗನ್ನಡದ ಪಾಲು, ಪೂವು ಎಲ್ಲ ಈಗ ಹಾಲು, ಹೂವು ಆಗಿವೆ. ಆಡುಮಾತಿನ ಪದಗಳು 'ಹ' ಮನೆಗೆ ಹೋಗಿ ಕೂತಿವೆ. ಹಾಗಾದರೆ 'ಹ' ಸಾಕಲ್ವಾ? ಹೇಳು, ಹಾಡು, ಹಿಡಿ, ಹೊರಡು, ಕ್ರಿಯಾಪದಗಳಿಗೇನೋ ಬರವಿಲ್ಲ. ಆದರೆ ನಮ್ಮ ಕಡೆ ಮಾತಿನ ಭರದಲ್ಲಿ 'ಹ'ನೇ ನುಂಗಿಬಿಡ್ತಾರೆ. ಹತ್ತಿರ ಹೋಗಿ 'ಅತ್ರ' ಆದಮೇಲೆ ಪ್ರಾಸ ಎಲ್ಲಿ ಉಳಿಯುತ್ತೆ!

ನನಗೆ ಕೈಹಿಡಿದದ್ದು ಬ ಮತ್ತು ಮ. ಎರಡನ್ನೂ ತುಟಿ ಮುಚ್ಚಿಯೇ ಹೇಳಬೇಕು, ಹಾಗಾಗಿ ಕಿವಿಗೆ ಅಣ್ಣ ತಮ್ಮ ಥರ ಕೇಳುತ್ತವೆ. ಅದಕ್ಕಿಂತ ದೊಡ್ಡ ಲಾಭ ಇನ್ನೊಂದು. ಇಂಥ ಬರವಣಿಗೆಯಲ್ಲಿ ಸಿಕ್ಕಿಹಾಕಿಕೊಳ್ಳೋದು ನಾಮಪದದಲ್ಲಲ್ಲ, ಚಿಲ್ಲರೆ ಪದಗಳಲ್ಲಿ. ಆ ಚಿಲ್ಲರೆ ಈ ಎರಡು ಅಕ್ಷರಗಳಲ್ಲಿ ಧಾರಾಳವಾಗಿದೆ: ಮೇಲೆ, ಮುಂದೆ, ಮೊದಲು, ಮತ್ತೆ, ಬಳಿ, ಬಗ್ಗೆ, ಬಳಿಕ, ಬೇಕು, ಬೇಡ. ಶಾಲೆಯ ಸಾಮಾನೂ ಇಲ್ಲೇ ಇದೆ: ಮೇಷ್ಟ್ರು, ಮಕ್ಕಳು, ಮಗ್ಗಿ, ಬೆಂಚು, ಬೋರ್ಡು, ಬಳಪ, ಬುತ್ತಿ.

ತೊಂದರೆ ಕೊಡೋದು ಎರಡು. ನಾನು, ನಾವು, ಅವರು ಅನ್ನೋ ಸರ್ವನಾಮಗಳು ಈ ಅಕ್ಷರಗಳಲ್ಲಿಲ್ಲ. ಅವನ್ನು ಬಿಟ್ಟರೂ ನಡೆಯುತ್ತೆ, 'ಬರುತ್ತೇವೆ' ಅಂದರೆ ಬರುವವರು ನಾವೇ ಅಂತ ಕ್ರಿಯಾಪದವೇ ಹೇಳುತ್ತೆ. ಇನ್ನೊಂದು, ವಾಕ್ಯದ ಕೊನೆಗೆ ಬಂದು ಕೂರೋ 'ಇದೆ', 'ಇದ್ದರು', 'ಆಯಿತು'. ಇವನ್ನು ಕಿತ್ತುಹಾಕಿ 'ಬಂತು', 'ಬರುತ್ತಿದ್ದರು', 'ಬಿಟ್ಟರು' ತರಬೇಕು, ಇಲ್ಲವೇ ಕ್ರಿಯಾಪದವೇ ಇಲ್ಲದೆ ವಾಕ್ಯ ಮುಗಿಸಬೇಕು. ಕನ್ನಡ ಎರಡನ್ನೂ ಒಪ್ಪುತ್ತೆ.

ನಾಲ್ಕು ಸಂಜೆ ಕೂತ ಮೇಲೆ ನಿಂತದ್ದು ಇಷ್ಟು:

"ಮಾನ್ಯ ಮೇಷ್ಟ್ರೇ, ಬಂಧುಗಳೇ, ಮಿತ್ರರೇ. ಮಳೆ ಬಂದರೂ ಮೇಷ್ಟ್ರು ಬಂದೇ ಬರುತ್ತಿದ್ದರು. ಮೂರು ಮೈಲಿ ಮಣ್ಣಿನ ಬೀದಿ, ಮುರುಕು ಬೈಸಿಕಲ್ಲು. ಬೆಂಚಿನ ಮೇಲೆ ಮಲಗಿಬಿಟ್ಟರೆ 'ಮುಂದೆ ಬಾ, ಬೋರ್ಡಿನ ಮೇಲೆ ಬರಿ', ಬೇರೆ ಬೈಗುಳವೇ ಬರಲಿಲ್ಲ. ಮಧ್ಯಾಹ್ನ ಬುತ್ತಿ ಮರೆತು ಬಂದ ಮಕ್ಕಳ ಮುಂದೆ ಮೇಷ್ಟ್ರ ಬುತ್ತಿ ಬಿಚ್ಚಿಕೊಳ್ಳುತ್ತಿತ್ತು. ಮಾತು ಬಿರುಸು, ಮನಸ್ಸು ಬೆಲ್ಲ. ಬೀಳ್ಕೊಡುವ ಮನಸ್ಸು ಬರುತ್ತಿಲ್ಲ. ಮನೆಗೆ ಬರುತ್ತೇವೆ ಮೇಷ್ಟ್ರೇ, ಬಾಗಿಲು ಬಡಿದರೆ ಬೈಯಬೇಡಿ."

ಇದರಲ್ಲಿ ಸೇರದೆ ಹೊರಗುಳಿದದ್ದೇ ಜಾಸ್ತಿ. 'ಮೃದು ಮಾತಿನ ಮೇಷ್ಟ್ರು' ಅಂತ ಗ್ರೂಪಿನ ಗೆಳತಿಯೊಬ್ಬಳು ಕಳಿಸಿದ್ದಳು, ಎಷ್ಟು ಸಲೀಸಾಗಿ ಉರುಳುತ್ತೆ ನೋಡಿ! ಆದರೆ ನಮ್ಮ ಮೇಷ್ಟ್ರ ದನಿಗೆ ಪಕ್ಕದ ಸೆಕ್ಷನ್ನೂ ನಿಶ್ಶಬ್ದವಾಗ್ತಿತ್ತು. ಅಕ್ಷರ ಕೂಡಿಬಂತು ಅಂತ ಇಲ್ಲದ ಗುಣ ಅಂಟಿಸಿದರೆ, ಸಭೆಯಲ್ಲಿ ಕೂತ ಹಳೇ ಬೆಂಚಿನವರೆಲ್ಲ ಮುಖ ಮುಖ ನೋಡಿಕೊಳ್ತಾರೆ. ಹಾಗಾಗಿ ಪ್ರತಿ ಸಾಲನ್ನೂ ಪ್ರಾಸ ತೆಗೆದು, ಮಾಮೂಲಿ ಮಾತಲ್ಲಿ ಹೇಳಿ ನೋಡಿದೆ. ಆಗಲೂ ನಿಜ ಅನ್ನಿಸಿದ್ದು ಮಾತ್ರ ಉಳಿಯಿತು. ಬೈಸಿಕಲ್ಲು ಉಳಿಯಿತು, ಬುತ್ತಿ ಉಳಿಯಿತು. 'ಬಾನೆತ್ತರ ಬೆಳೆದ ಮಹಾನುಭಾವ' ಹೋಯಿತು.

ಉದ್ದದ ವಿಷಯಕ್ಕೆ ಬಂದರೆ, ಇಷ್ಟನ್ನು ನಿಧಾನವಾಗಿ ಓದೋಕೆ ಮುಕ್ಕಾಲು ನಿಮಿಷ ಬೇಕಾಯಿತು. ಅದರಾಚೆ ಎಳೆದರೆ ಕೇಳುವವರು ಮೇಷ್ಟ್ರನ್ನು ಬಿಟ್ಟು ಅಕ್ಷರ ಎಣಿಸೋಕೆ ಶುರುಮಾಡ್ತಾರೆ. ಉಳಿದ ಸಮಯಕ್ಕೆ ಮಾಮೂಲಿ ಮಾತು ಇಟ್ಟುಕೊಂಡೆ. ಶಾಲೆಯ ಹೆಸರು, ಮೇಷ್ಟ್ರ ಶ್ರೀಮತಿಯವರ ಹೆಸರು, ಧನ್ಯವಾದ, ಯಾವುದೂ ಬ, ಮ ಮನೆಯವಲ್ಲವಲ್ಲ! ಕೊನೆಯ ಪದವನ್ನೂ ಬೇಕಂತಲೇ ಹೊರಗಿನಿಂದ ತಂದೆ: "ನಮಸ್ಕಾರ, ಸರ್." ಅಷ್ಟು ಹೊತ್ತು ಬ, ಮ ಕೇಳಿದ ಕಿವಿಗೆ ಆ 'ನ' ಥಟ್ಟನೆ ಬೇರೆಯಾಗಿ ಕೇಳುತ್ತೆ, ಮಾತು ಮುಗಿಯಿತು ಅಂತ ಗೊತ್ತಾಗುತ್ತೆ.

ನೀವೂ ಬರೆಯೋದಾದರೆ ಮೈಕಿನಲ್ಲಿ ಒಮ್ಮೆ ಓದಿ ನೋಡಿ. 'ಬ' ಹೇಳುವಾಗ ತುಟಿಯಿಂದ ಗಾಳಿ ನುಗ್ಗುತ್ತೆ. ಮೈಕ್ ಬಾಯಿಗೆ ಅಂಟಿಕೊಂಡಿದ್ದರೆ ಬೆಂಚು, ಬುತ್ತಿ ಎರಡೂ ಬರೀ ಡಬ್ ಡಬ್ ಅಂತ ಕೇಳಿಸುತ್ತವೆ. ಒಂದು ಗೇಣು ದೂರ ಹಿಡಿದುಕೊಳ್ಳಿ, ನೇರಕ್ಕೆ ಬೇಡ, ಸ್ವಲ್ಪ ಪಕ್ಕಕ್ಕೆ.